ಆ ಬಿಳಿ ಉಂಗುರ ಮೂಳೆಯೋ ಕೊಬ್ಬೋ? ಮೊಬೈಲ್‌ಗೆ ಬಂದ ಸ್ಕ್ಯಾನ್ ಫೋಟೋ ಓದುವ ಬಗೆ

ರಾತ್ರಿ ಹತ್ತು ಗಂಟೆಗೆ ನನ್ನ ಮೊಬೈಲ್‌ಗೆ ಒಂದು ಫೋಟೋ ಬಂತು. ಕಪ್ಪು ಹಿನ್ನೆಲೆ. ಮಧ್ಯದಲ್ಲಿ ಮೊಟ್ಟೆಯಾಕಾರದ ಚಿತ್ರ. ಅದರೊಳಗೆ ಬೂದು ಬಣ್ಣದ ಮಿದುಳು. ಕೆಳಗೆ ಎರಡು ಸಾಲು: "ಅಮ್ಮ ಜಾರಿ ಬಿದ್ದಿದ್ರು, ಸ್ಕ್ಯಾನ್ ಮಾಡಿಸಿದ್ವಿ. ಒಳಗೆ ಮೂರು ಬಿಳಿ ಚುಕ್ಕೆ ಇದೆ, ರಕ್ತಸ್ರಾವನಾ?" ಫಿಲ್ಮ್ ಕೈಗೆ ಸಿಕ್ಕಿದೆ, ರಿಪೋರ್ಟ್ ನಾಳೆ ಬರುತ್ತದೆ. ಆ ನಡುವಿನ ಒಂದು ರಾತ್ರಿ ಆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಾನು ಸ್ಕ್ಯಾನ್ ಕೋಣೆಯಲ್ಲಿ ಯಂತ್ರ ನಡೆಸುವ ತಂತ್ರಜ್ಞ. ರಿಪೋರ್ಟ್ ಬರೆಯುವವರು ರೇಡಿಯಾಲಜಿಸ್ಟ್ ಡಾಕ್ಟರು. ಆದರೆ ಫೋಟೋ ಮೊದಲು ಬರುವುದು ನನ್ನಂಥವರಿಗೇ. ಹಾಗೆ ಕಳಿಸುವವರಲ್ಲಿ ಹೆಚ್ಚಿನವರು ಯಾವ ಸ್ಕ್ಯಾನ್ ಎಂದು ಹೇಳುವುದಿಲ್ಲ. ಅವರಿಗೂ ಗೊತ್ತಿರುವುದಿಲ್ಲ. ಎಲ್ಲದಕ್ಕೂ 'ಸ್ಕ್ಯಾನ್' ಎನ್ನುವ ಒಂದೇ ಪದ ಸಾಕಾಗಿದೆ. ಫೋಟೋ ನೋಡಿದ ಕೂಡಲೇ ಎಲ್ಲರ ಕಣ್ಣು ಆ ಬಿಳಿ ಚುಕ್ಕೆಗೇ ಹೋಗುತ್ತದೆ. ನಾವು ಮೊದಲು ನೋಡುವುದು ಅದನ್ನಲ್ಲ. ಈ ಚಿತ್ರ ಯಾವ ಯಂತ್ರದ್ದು ಎಂಬುದನ್ನು.

ಯಾಕೆಂದರೆ ಒಂದು ಯಂತ್ರದ ಬಿಳಿ ಇನ್ನೊಂದು ಯಂತ್ರದ ಬಿಳಿ ಅಲ್ಲ. ಎಕ್ಸ್‌ರೇ ಮತ್ತು ಸಿಟಿಯಲ್ಲಿ ಬಿಳಿ ಎಂದರೆ ಅಲ್ಲಿ ಕಿರಣ ಹೆಚ್ಚು ತಡೆಯಲ್ಪಟ್ಟಿದೆ ಎಂದು ಅರ್ಥ. ಅಲ್ಟ್ರಾಸೌಂಡ್‌ನಲ್ಲಿ ಬಿಳಿ ಎಂದರೆ ಅಲ್ಲಿಂದ ಶಬ್ದ ಜೋರಾಗಿ ವಾಪಸ್ ಬಂದಿದೆ. ಎಂಆರ್‌ಐನಲ್ಲಿ ಬಿಳಿ ಎಂದರೆ ಅಲ್ಲಿನ ನೀರು ಅಥವಾ ಕೊಬ್ಬಿನಲ್ಲಿರುವ ಹೈಡ್ರೋಜನ್ ಜೋರಾಗಿ ಸಂಕೇತ ಕೊಟ್ಟಿದೆ. ಹಾಗಾಗಿ ಒಂದೇ ತಲೆಯ ಎರಡು ಚಿತ್ರಗಳಲ್ಲಿ ಮೂಳೆ ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕಪ್ಪಗೆ ಕಾಣುತ್ತದೆ. ಎರಡೂ ಸರಿಯೇ. ಯಂತ್ರ ಯಾವುದು ಎಂದು ತಿಳಿಯದೆ "ಬಿಳಿ ಚುಕ್ಕೆ ಏನು" ಎಂದು ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ.

ನೆರಳೋ, ಹೋಳೋ, ಬೀಸಣಿಗೆಯೋ

ಮೊದಲು ಚಿತ್ರದ ಒಟ್ಟು ಆಕಾರ ನೋಡಬೇಕು. ಎಕ್ಸ್‌ರೇ ಒಂದು ನೆರಳು. ದೇಹದ ಒಂದು ಬದಿಯಿಂದ ಕಿರಣ ಹೋಗಿ ಇನ್ನೊಂದು ಬದಿಯಲ್ಲಿ ಬೀಳುತ್ತದೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಒಂದರ ಮೇಲೊಂದು ಬಿದ್ದಿರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಬೆನ್ನಿನ ಕಡೆಯ ಪಕ್ಕೆಲುಬು, ಮುಂದಿನ ಪಕ್ಕೆಲುಬು, ಹೃದಯ ಎಲ್ಲವೂ ಒಂದನ್ನೊಂದು ದಾಟಿ ಹೋಗುವುದು ಕಾಣುತ್ತದೆ. ಹೀಗೆ ಒಂದರ ಮೂಲಕ ಇನ್ನೊಂದು ಕಾಣುತ್ತಿದ್ದರೆ ಅದು ಎಕ್ಸ್‌ರೇ. ದೇಹದ ಹೊರಗಿನ ವಸ್ತುವಿನ ನೆರಳೂ ಇದೇ ಚಿತ್ರದಲ್ಲಿ ಬೀಳುತ್ತದೆ. ಹೆಗಲ ಮೇಲೆ ಬಿದ್ದ ಜಡೆ, ಅಂಗಿಯ ಗುಂಡಿ, ಕೊರಳ ಸರ ಇವೆಲ್ಲ ಶ್ವಾಸಕೋಶದ ಒಳಗೇ ಇರುವ ಹಾಗೆ ಕಾಣಬಹುದು. ಶ್ವಾಸಕೋಶದ ತುದಿಯಲ್ಲಿ ಕಂಡ ಮಸುಕು ಗೆರೆಗಳು ಕತ್ತಿನ ಮೇಲಕ್ಕೂ ಮುಂದುವರಿದಿದ್ದರೆ, ಅದು ಹೆಚ್ಚಾಗಿ ರೋಗವಲ್ಲ, ಜಡೆ.

ಸಿಟಿ ಮತ್ತು ಎಂಆರ್‌ಐ ಹೋಳು ತೋರಿಸುತ್ತವೆ. ದೇಹವನ್ನು ಅಡ್ಡಲಾಗಿ ಕೊಯ್ದು ಒಂದು ಹೋಳನ್ನಷ್ಟೇ ಎದುರಿಗೆ ಇಟ್ಟ ಹಾಗೆ. ಮುಂದಿನದು ಹಿಂದಿನದರ ಮೇಲೆ ಬೀಳುವುದಿಲ್ಲ. ಒಂದೇ ಫಿಲ್ಮ್‌ನಲ್ಲಿ ಹನ್ನೆರಡು, ಇಪ್ಪತ್ತು, ಮೂವತ್ತು ಸಣ್ಣ ಚಿತ್ರಗಳು ಸಾಲಾಗಿ ಇದ್ದು, ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತಿದ್ದರೆ ಅದು ಈ ಎರಡರಲ್ಲಿ ಒಂದು. ಇಲ್ಲಿ ಸುಮಾರು ಜನ ಎಡವುವ ಒಂದು ಜಾಗ ಇದೆ. ಸಿಟಿ ಫಿಲ್ಮ್‌ನ ಮೊದಲ ಚಿತ್ರ ಅನೇಕ ಸಲ ಎಕ್ಸ್‌ರೇ ತರಹವೇ ಇರುತ್ತದೆ, ಅದರ ಮೇಲೆ ಅಡ್ಡ ಗೆರೆಗಳು ಇರುತ್ತವೆ. ಎಲ್ಲಿಂದ ಎಲ್ಲಿಯವರೆಗೆ ಹೋಳು ತೆಗೆಯಬೇಕು ಎಂದು ಗುರುತು ಮಾಡಲು ನಾವೇ ಮೊದಲು ತೆಗೆದುಕೊಳ್ಳುವ ನಕ್ಷೆ ಅದು. ಅದನ್ನೊಂದನ್ನೇ ಫೋಟೋ ತೆಗೆದು ಕಳಿಸಿ "ಸಿಟಿ ಅಂದ್ರು, ಎಕ್ಸ್‌ರೇ ಕೊಟ್ಟಿದ್ದಾರೆ" ಎಂದು ಬೇಸರಪಟ್ಟವರಿದ್ದಾರೆ.

ಅಲ್ಟ್ರಾಸೌಂಡ್ ಗುರುತಿಸುವುದು ಎಲ್ಲಕ್ಕಿಂತ ಸುಲಭ. ಚಿತ್ರ ಹೆಚ್ಚಾಗಿ ಬೀಸಣಿಗೆಯ ಆಕಾರದಲ್ಲಿರುತ್ತದೆ, ಮೇಲೆ ಕಿರಿದು, ಕೆಳಗೆ ಅಗಲ. ಮೇಲಿನ ಅಂಚು ಚರ್ಮ, ಅಂದರೆ ಡಾಕ್ಟರು ಪ್ರೋಬ್ ಒತ್ತಿದ ಜಾಗ. ಕೆಳಕ್ಕೆ ಹೋದಷ್ಟೂ ದೇಹದ ಆಳ. ಪಕ್ಕದಲ್ಲಿ ಸೆಂಟಿಮೀಟರ್ ಗುರುತುಗಳಿರುತ್ತವೆ. ಚಿತ್ರವೆಲ್ಲ ಮರಳು ಚೆಲ್ಲಿದ ಹಾಗೆ ಕಾಳುಕಾಳಾಗಿರುತ್ತದೆ. ಥೈರಾಯ್ಡ್, ರಕ್ತನಾಳ ಇಂಥ ಚರ್ಮದ ಹತ್ತಿರದ ಭಾಗಗಳಿಗೆ ನೇರ ಅಂಚಿನ ಪ್ರೋಬ್ ಬಳಸುವುದರಿಂದ ಚಿತ್ರ ಚೌಕಾಕಾರ ಇರಬಹುದು. ಆ ಮರಳು ಮತ್ತು ಸೆಂಟಿಮೀಟರ್ ಗುರುತು ಮಾತ್ರ ಅಲ್ಲಿಯೂ ಇರುತ್ತದೆ.

ಇಲ್ಲಿ ಬಿಳಿಗಿಂತ ಅದರ ಹಿಂದೆ ಏನಿದೆ ಎಂಬುದೇ ಹೆಚ್ಚು ಹೇಳುತ್ತದೆ. ಪಿತ್ತಕೋಶದ ಕಲ್ಲು ಬೆಳ್ಳಗೆ ಹೊಳೆಯುತ್ತದೆ. ಶಬ್ದ ಅದನ್ನು ದಾಟಿ ಹೋಗುವುದಿಲ್ಲ, ಹಾಗಾಗಿ ಅದರ ಕೆಳಗೆ ಕಪ್ಪು ಬಾಲದಂತೆ ನೆರಳು ಬೀಳುತ್ತದೆ. ನೀರು ತುಂಬಿದ ಗುಳ್ಳೆ ಇದಕ್ಕೆ ತದ್ವಿರುದ್ಧ. ಗುಳ್ಳೆ ಪೂರ್ತಿ ಕಪ್ಪು, ಅದರ ಕೆಳಗಿನ ಭಾಗ ಮಾತ್ರ ಅಕ್ಕಪಕ್ಕಕ್ಕಿಂತ ಬೆಳ್ಳಗೆ. ನೀರಿನಲ್ಲಿ ಶಬ್ದ ಹೆಚ್ಚು ಕುಗ್ಗದೆ ದಾಟಿ ಹೋಗಿರುತ್ತದೆ, ಅದಕ್ಕೆ. ಫೋಟೋದಲ್ಲಿ ಕಪ್ಪು ಕಂಡಿತು ಎಂದು "ಏನೋ ಕೊಳೆತಿದೆ" ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಇಲ್ಲಿ ಕಪ್ಪು ಎಂದರೆ ಹೆಚ್ಚಾಗಿ ನೀರು.

ನನಗೆ ಬಂದ ಫೋಟೋದಲ್ಲಿ ಬೀಸಣಿಗೆ ಇಲ್ಲ, ಮರಳು ಇಲ್ಲ, ಒಂದರ ಮೇಲೊಂದು ಬಿದ್ದ ನೆರಳೂ ಇಲ್ಲ. ಅದೊಂದು ಹೋಳು. ಹಾಗಾದರೆ ಸಿಟಿಯೋ ಎಂಆರ್‌ಐಯೋ?

ಬಿಳಿ ಉಂಗುರದ ಮೋಸ

"ಮೂಳೆ ಬೆಳ್ಳಗಿದ್ದರೆ ಸಿಟಿ, ಕಪ್ಪಗಿದ್ದರೆ ಎಂಆರ್‌ಐ." ಇದು ಎಲ್ಲರೂ ಹೇಳುವ ಸೂತ್ರ, ಮತ್ತು ಅದು ನಿಜ. ಆದರೆ ಅದನ್ನು ಬಳಸುವಾಗಲೇ ತಪ್ಪುವುದು ಜಾಸ್ತಿ. ತಲೆಯ ಎಂಆರ್‌ಐ ನೋಡಿದವರು ಸುತ್ತಲೂ ಒಂದು ಬಿಳಿ ಉಂಗುರ ಕಾಣುತ್ತದಲ್ಲ, ಅದೇ ತಲೆಬುರುಡೆ ಎಂದುಕೊಳ್ಳುತ್ತಾರೆ. ಬಿಳಿ ಉಂಗುರ, ಹಾಗಾಗಿ ಸಿಟಿ ಎಂದುಬಿಡುತ್ತಾರೆ. ಆ ಉಂಗುರ ಮೂಳೆಯೇ ಅಲ್ಲ. ಅದು ನೆತ್ತಿಯ ಚರ್ಮದ ಕೆಳಗಿನ ಕೊಬ್ಬು.

ಹೇಗೆ ಬೇರೆ ಮಾಡುವುದು? ಹೊರಗಿನಿಂದ ಒಳಕ್ಕೆ ನಿಧಾನವಾಗಿ ಬನ್ನಿ. ಸಿಟಿಯಲ್ಲಿ ಮೊದಲು ಚರ್ಮದ ತೆಳು ಗೆರೆ, ಆಮೇಲೆ ಕಪ್ಪಿಗೆ ಹತ್ತಿರದ ಒಂದು ಪದರ, ಅದು ಕೊಬ್ಬು. ಆಮೇಲೆ ದಪ್ಪಗೆ, ಕಣ್ಣಿಗೆ ಹೊಡೆಯುವಷ್ಟು ಬಿಳಿಯಾದ ಉಂಗುರ, ಅದು ಮೂಳೆ. ಅದರ ಒಳ ಅಂಚಿಗೆ ಅಂಟಿಕೊಂಡ ಹಾಗೆ ಮಿದುಳು. ಎಂಆರ್‌ಐಯಲ್ಲಿ ಬಿಳಿ ಉಂಗುರ ಎಲ್ಲಕ್ಕಿಂತ ಹೊರಗೆ, ಚರ್ಮದ ಪಕ್ಕದಲ್ಲೇ ಇರುತ್ತದೆ. ಅದರ ಒಳಗೆ ಕಪ್ಪು ಉಂಗುರ. ಆ ಕಪ್ಪೇ ತಲೆಬುರುಡೆ. ಗಟ್ಟಿ ಮೂಳೆಯಲ್ಲಿ ಸಂಕೇತ ಕೊಡಬಲ್ಲ ಹೈಡ್ರೋಜನ್ ತೀರಾ ಕಡಿಮೆ, ಇರುವುದರ ಸಂಕೇತವೂ ಯಂತ್ರ ಹಿಡಿಯುವ ಮೊದಲೇ ಅಡಗಿಹೋಗುತ್ತದೆ. ಹಾಗಾಗಿ ಅದು ಕಪ್ಪು. ಚಿತ್ರ ಚೆನ್ನಾಗಿದ್ದರೆ ಆ ಕಪ್ಪಿನ ನಡುವೆಯೇ ಇನ್ನೊಂದು ತಿಳಿ ಗೆರೆ ಕಾಣುತ್ತದೆ. ತಲೆಬುರುಡೆಯ ಎರಡು ಗಟ್ಟಿ ಪದರಗಳ ಮಧ್ಯೆ ಇರುವ ಮಜ್ಜೆ ಅದು. ಮಜ್ಜೆಯಲ್ಲಿ ಕೊಬ್ಬು ಇದೆ, ಅದಕ್ಕೇ ಬೆಳಕು.

ಅಂದರೆ ಕೇಳಬೇಕಾದ ಪ್ರಶ್ನೆ "ಬಿಳಿ ಉಂಗುರ ಇದೆಯಾ" ಎಂದಲ್ಲ. "ಬಿಳಿ ಉಂಗುರ ಮತ್ತು ಮಿದುಳಿನ ನಡುವೆ ಕಪ್ಪು ಪಟ್ಟಿ ಇದೆಯಾ" ಎಂದು.

ಕೆಲವು ಎಂಆರ್‌ಐ ಚಿತ್ರಗಳಲ್ಲಿ ಕೊಬ್ಬಿನ ಸಂಕೇತವನ್ನು ನಾವೇ ಅಳಿಸಿರುತ್ತೇವೆ. ಆಗ ಉಂಗುರವೇ ಇರುವುದಿಲ್ಲ, ಮಿದುಳು ಕಪ್ಪಿನಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ. ಪಾರ್ಶ್ವವಾಯು ಹುಡುಕಲು ತೆಗೆಯುವ ಡಿಫ್ಯೂಷನ್ ಚಿತ್ರ ಹೀಗೇ ಇರುತ್ತದೆ. ಅದು ಸ್ವಲ್ಪ ಒರಟು, ಮೂಗಿನ ಹಿಂದಿನ ಗಾಳಿ ಇರುವ ಜಾಗದ ಹತ್ತಿರ ಸೊಟ್ಟ. ಉಂಗುರವಿಲ್ಲದ ತಲೆಯನ್ನು ಸಾಮಾನ್ಯ ಸಿಟಿ ತೋರಿಸುವುದಿಲ್ಲ, ಯಾಕೆಂದರೆ ಸಿಟಿಯಲ್ಲಿ ಮೂಳೆಯನ್ನು ಮುಚ್ಚಿಡಲು ಸುಲಭವಾಗಿ ಆಗುವುದಿಲ್ಲ.

ಮಿದುಳಿನ ನಡುವೆ ಇರುವ ನೀರಿನ ಕೋಣೆಗಳನ್ನೂ ನೋಡಿ. ಚಿಟ್ಟೆಯ ರೆಕ್ಕೆಯಂತೆ ಎಡಬಲಕ್ಕೆ ಹರಡಿಕೊಂಡಿರುತ್ತವೆ. ಸಿಟಿಯಲ್ಲಿ ಅವು ಕಪ್ಪು. ಎಂಆರ್‌ಐಯಲ್ಲಿ ಒಂದೇ ಹೋಳನ್ನು ಹಲವು ಬಗೆಯಲ್ಲಿ ತೆಗೆಯುತ್ತೇವೆ. ಟಿ1 ಎನ್ನುವ ಬಗೆಯಲ್ಲೂ ಅವು ಕಪ್ಪು. ಟಿ2 ಎನ್ನುವ ಬಗೆಯಲ್ಲಿ ಹಾಲಿನಂತೆ ಬಿಳಿ. "ತಲೆಯಲ್ಲಿ ಬಿಳಿ ನೀರು ತುಂಬಿದೆ" ಎಂದು ಗಾಬರಿಯಾದ ಫೋಟೋಗಳಲ್ಲಿ ಬಹಳಷ್ಟು ಇದೇ ಟಿ2, ಸಹಜವಾಗಿ ಇರಲೇಬೇಕಾದ ದ್ರವ. ಫ್ಲೇರ್ ಎನ್ನುವ ಇನ್ನೊಂದು ಬಗೆ ಇದೆ. ಅದರಲ್ಲಿ ಆ ದ್ರವವನ್ನು ಬೇಕೆಂದೇ ಕಪ್ಪು ಮಾಡಿರುತ್ತೇವೆ, ಅದರ ಪಕ್ಕದಲ್ಲಿ ಅಡಗಿದ ಸಣ್ಣ ಬಿಳಿ ಕಲೆಯೂ ಕಾಣಲಿ ಎಂದು. ದ್ರವ ಕಪ್ಪು, ಮಿದುಳು ಬೂದು ಇರುವುದರಿಂದ ಫ್ಲೇರ್ ಮೊದಲ ನೋಟಕ್ಕೆ ಸಿಟಿಯಂತೆಯೇ ಕಾಣುತ್ತದೆ. ಇಂಥ ಕಡೆ ಮತ್ತೆ ಮೂಳೆಯ ಪರೀಕ್ಷೆಗೇ ಬರಬೇಕು.

ಇನ್ನೊಂದು ಗುಟ್ಟು ನನಗೆ ತುಂಬ ಇಷ್ಟ. ಮಿದುಳಿನ ಹೊರ ಅಂಚಿನ ಮಡಿಕೆಗಳನ್ನೂ ಒಳಭಾಗವನ್ನೂ ಹೋಲಿಸಿ ನೋಡಿ. ಸಿಟಿಯಲ್ಲಿ ಒಳಭಾಗ ಸ್ವಲ್ಪ ಕಪ್ಪು, ಹೊರಪದರ ಸ್ವಲ್ಪ ಬೆಳಕು. ಟಿ1 ಎಂಆರ್‌ಐಯಲ್ಲಿ ಅದು ತಿರುಗಾ ಮುರುಗಾ, ಒಳಭಾಗವೇ ಬೆಳಕು. ಒಳಗಿನ ನರತಂತುಗಳಿಗೆ ಕೊಬ್ಬಿನ ಹೊದಿಕೆ ಇರುತ್ತದೆ. ಕೊಬ್ಬು ಸಿಟಿಯ ಕಿರಣಕ್ಕೆ ಹಗುರ, ಟಿ1ಗೆ ಪ್ರಕಾಶ. ಒಂದೇ ಕೊಬ್ಬು ಎರಡು ಯಂತ್ರಗಳಲ್ಲಿ ಎರಡು ಬಣ್ಣ ತಾಳುತ್ತದೆ.

ನನಗೆ ಬಂದ ಫೋಟೋದಲ್ಲಿ ದಪ್ಪ ಬಿಳಿ ಉಂಗುರ ಮಿದುಳಿಗೆ ಅಂಟಿಕೊಂಡೇ ಇತ್ತು. ನಡುವೆ ಕಪ್ಪು ಪಟ್ಟಿ ಇಲ್ಲ. ಉಂಗುರದ ಹೊರಗೆ ಕಪ್ಪಿನ ತೆಳು ಪದರ. ನೀರಿನ ಕೋಣೆ ಕಪ್ಪು. ಇದು ಸಿಟಿ. ನಾನು ಆಗಲೇ ಚುಕ್ಕೆಯ ಮಾತಿಗೆ ಹೋಗಬಹುದಿತ್ತು. ಹೋಗಲಿಲ್ಲ, ಯಾಕೆಂದರೆ ಆ ಫೋಟೋದ ನಾಲ್ಕೂ ಮೂಲೆ ಕತ್ತರಿಸಿ ಹೋಗಿತ್ತು.

ಮೂಲೆಯಲ್ಲಿರುವ ಅಕ್ಷರಗಳು

ಹೆಸರು ಕಾಣಬಾರದು ಎಂದು ಜನ ಮೂಲೆಗಳನ್ನು ಕತ್ತರಿಸಿ ಕಳಿಸುತ್ತಾರೆ. ಹೆಸರು, ಆಸ್ಪತ್ರೆಯ ನಂಬರ್, ಹುಟ್ಟಿದ ದಿನ ಮುಚ್ಚುವುದು ಖಂಡಿತ ಒಳ್ಳೆಯದು. ಆದರೆ ಅದರ ಜೊತೆಗೆ ಉಳಿದ ಅಕ್ಷರಗಳೂ ಹೋಗಿಬಿಡುತ್ತವೆ. ಹೆಸರಿನ ಮೇಲೆ ಬೆರಳೋ ಚೀಟಿಯೋ ಇಟ್ಟು, ಮಿಕ್ಕದ್ದನ್ನು ಹಾಗೇ ಬಿಡಿ ಎಂದು ನಾನು ಕೇಳುತ್ತೇನೆ.

kV ಮತ್ತು mA ಎಂದು ಕಂಡರೆ ಅದು ಎಕ್ಸ್ ಕಿರಣದ ಯಂತ್ರ, ಅಂದರೆ ಎಕ್ಸ್‌ರೇ ಅಥವಾ ಸಿಟಿ. TR, TE ಎಂದು ಕಂಡರೆ ಎಂಆರ್‌ಐ. ಯಂತ್ರ ಎಷ್ಟು ಹೊತ್ತಿಗೊಮ್ಮೆ ಅಲೆ ಕಳಿಸಿತು, ಸಂಕೇತ ಕೇಳಲು ಎಷ್ಟು ಹೊತ್ತು ಕಾಯಿತು ಎಂಬ ಲೆಕ್ಕ ಅವು, ಮಿಲಿಸೆಕೆಂಡಿನಲ್ಲಿ. MI, TIs ಎಂದೂ ಪಕ್ಕದಲ್ಲಿ cm ಎಂದೂ ಇದ್ದರೆ ಅಲ್ಟ್ರಾಸೌಂಡ್. ಫಿಲ್ಮ್ ಬದಲು ಸಿಡಿ ಕೊಟ್ಟಿದ್ದರೆ ಊಹೆಯೇ ಬೇಡ. ಅದರೊಳಗಿನ ಕಡತಗಳು DICOM ಮಾದರಿಯವು. ಪ್ರತಿ ಕಡತದಲ್ಲೂ Modality ಎನ್ನುವ ಒಂದು ಮನೆ ಇರುತ್ತದೆ, ಸಂಖ್ಯೆ (0008,0060). ಅಲ್ಲಿ CT, MR, US ಎಂದು ಎರಡು ಅಕ್ಷರ ಬರೆದಿರುತ್ತದೆ. ಎಕ್ಸ್‌ರೇಗೆ CR ಅಥವಾ DX.

ಇನ್ನು ಬಲ ಎಡದ ಮಾತು. ಹೋಳಿನ ಚಿತ್ರವನ್ನು ರೋಗಿಯ ಪಾದದ ಕಡೆ ನಿಂತು ನೋಡಿದಂತೆ ಇಡುವುದು ರೂಢಿ. ಹಾಗಾಗಿ ಚಿತ್ರದ ಎಡಬದಿ ರೋಗಿಯ ಬಲಬದಿ. ಅಲ್ಲಿ R ಎಂದು ಬರೆದಿರುತ್ತದೆ. ಫಿಲ್ಮ್ ಪಾರದರ್ಶಕ, ಹಿಂದುಮುಂದಾಗಿ ಹಿಡಿದು ಫೋಟೋ ತೆಗೆದರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಫಿಲ್ಮ್ ಕೂಡ ತಿರುಗಿದೆ ಎಂದು ಗೊತ್ತಾಗುತ್ತದೆ. ಮೂಲೆ ಕತ್ತರಿಸಿದ ಫೋಟೋದಲ್ಲಿ ಇದು ಗೊತ್ತಾಗುವುದೇ ಇಲ್ಲ. ಎದೆಯ ಚಿತ್ರವಾದರೆ ಹೃದಯ ಯಾವ ಕಡೆ ವಾಲಿದೆ ಎಂದು ನೋಡಿ ಊಹಿಸಬಹುದು, ಹೊಟ್ಟೆಯಾದರೆ ಯಕೃತ್ತು ನೋಡಬಹುದು. ಮಿದುಳು ಎರಡು ಕಡೆಯೂ ಒಂದೇ ತರಹ, ಅಲ್ಲಿ ಯಾವ ಸಹಾಯವೂ ಸಿಗುವುದಿಲ್ಲ.

ನಾನು ಅವರಿಗೆ ಬರೆದೆ: "ಫ್ಲ್ಯಾಶ್ ಆಫ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಅದರ ಮುಂದೆ ಫಿಲ್ಮ್ ಹಿಡಿದು, ಪೂರ್ತಿ ಫಿಲ್ಮ್‌ನ ಒಂದು ಫೋಟೋ ತೆಗೀರಿ. ಆಮೇಲೆ ಚುಕ್ಕೆ ಇರೋ ಚಿತ್ರದ ಒಂದು, ಅದರ ಹಿಂದೆ ಮುಂದೆ ಇರೋ ಚಿತ್ರಗಳದ್ದು ಒಂದೊಂದು. ಅಮ್ಮ ಹೇಗಿದ್ದಾರೆ ಈಗ?"

ಆ ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಮುಖ ಒಂದು ಕಡೆ ಸೊಟ್ಟಗಾಗಿದ್ದರೆ, ಕೈ ಎತ್ತಲು ಆಗದಿದ್ದರೆ, ಮಾತು ತೊದಲುತ್ತಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಫೋಟೋ ನೋಡುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಬಿದ್ದು ಗಂಟೆಗಳಾದ ಮೇಲೂ ತಲೆಯೊಳಗೆ ರಕ್ತ ಸೇರಿಕೊಳ್ಳಬಹುದು. ರಕ್ತನಾಳ ಕಟ್ಟಿ ಆಗುವ ಪಾರ್ಶ್ವವಾಯುವಿನ ಮೊದಲ ಕೆಲವು ಗಂಟೆಗಳಲ್ಲಿ ಸಿಟಿ ಏನೂ ಆಗದ ಹಾಗೆ ಕಾಣಬಹುದು. ಉತ್ತರ ಬಂತು: ಅಮ್ಮ ಎಚ್ಚರವಾಗಿದ್ದಾರೆ, ಊಟ ಮಾಡಿದರು, ಎಲ್ಲರನ್ನೂ ಗುರುತಿಸುತ್ತಿದ್ದಾರೆ, ಪೆಟ್ಟು ಬಿದ್ದ ಕಡೆ ನೋವಿದೆ ಅಷ್ಟೇ.

ಎಲ್ಲ ಬಿಳಿಯೂ ಒಂದೇ ಆದಾಗ

ಈಗ ಹೊಸ ಫೋಟೋದ ಮೂಲೆಯಲ್ಲಿ ಎಲ್ಲವೂ ಕಂಡಿತು. kV 120. ಹೋಳಿನ ದಪ್ಪ 5 ಮಿಲಿಮೀಟರ್. R ಸರಿಯಾಗಿ ಎಡಬದಿಯಲ್ಲಿದೆ. ಸೂಜಿಯಲ್ಲಿ ಕಾಂಟ್ರಾಸ್ಟ್ ಔಷಧಿ ಕೊಟ್ಟಿದ್ದರೆ ಸಾಮಾನ್ಯವಾಗಿ C+ ಅಥವಾ ಅಂಥದ್ದೇ ಗುರುತು ಇರುತ್ತದೆ. ಅದು ಇರಲಿಲ್ಲ, ಮನೆಯವರೂ ಸೂಜಿ ಕೊಟ್ಟಿಲ್ಲ ಎಂದರು. ಇದು ಮುಖ್ಯ, ಯಾಕೆಂದರೆ ಆ ಔಷಧಿ ರಕ್ತನಾಳಗಳನ್ನು ತಾನೇ ಬೆಳ್ಳಗೆ ಮಾಡುತ್ತದೆ. ಕೊನೆಗೆ W 80 L 40 ಎಂಬ ಗುರುತು. ಚುಕ್ಕೆಯ ಕಥೆಯೆಲ್ಲ ಈ ಎರಡು ಅಂಕಿಗಳಲ್ಲಿದೆ.

ಸಿಟಿ ನಿಜವಾಗಿ ಕೊಡುವುದು ಚಿತ್ರವಲ್ಲ, ಸಂಖ್ಯೆಗಳು. ಪ್ರತಿ ಬಿಂದುವಿಗೂ ಒಂದು ಸಂಖ್ಯೆ. ನೀರಿಗೆ 0, ಗಾಳಿಗೆ -1000. ಈ ಅಳತೆಗೆ ಸಿಟಿ ಯಂತ್ರ ರೂಪಿಸಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. 1971ರಲ್ಲಿ ಲಂಡನ್ನಿನಲ್ಲಿ ಅವರ ಯಂತ್ರದಿಂದ ಮೊದಲ ರೋಗಿಯ ಸ್ಕ್ಯಾನ್ ಆದದ್ದು, ಅದೂ ಮಿದುಳಿನದೇ. 1979ರಲ್ಲಿ ಅವರಿಗೆ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂತು. ಈ ಅಳತೆಯಲ್ಲಿ ಕೊಬ್ಬು ಸುಮಾರು -100ರ ಹತ್ತಿರ, ಮಿದುಳು 25ರಿಂದ 40, ಹೆಪ್ಪುಗಟ್ಟಿದ ಹೊಸ ರಕ್ತ 60ರಿಂದ 80ರ ಆಸುಪಾಸು. ಕ್ಯಾಲ್ಸಿಯಂ ಕೂಡಿದ ಕಡೆ ಸಾಮಾನ್ಯವಾಗಿ 100 ದಾಟುತ್ತದೆ. ಗಟ್ಟಿ ಮೂಳೆ 1000ದ ಹತ್ತಿರ ಹೋಗುತ್ತದೆ.

ಇಷ್ಟು ಅಗಲದ ಸಂಖ್ಯೆಗಳನ್ನೆಲ್ಲ ಒಂದೇ ಚಿತ್ರದಲ್ಲಿ ಬೂದುಬಣ್ಣವಾಗಿ ಹಂಚಿದರೆ 25 ಮತ್ತು 40ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ನಾವು ಒಂದು ಕಿಟಕಿ ತೆರೆಯುತ್ತೇವೆ. W ಕಿಟಕಿಯ ಅಗಲ, L ಅದರ ಮಧ್ಯ. W 80 L 40 ಎಂದರೆ 0ಯಿಂದ 80ರವರೆಗೆ ಮಾತ್ರ ಬೂದು ಬಣ್ಣಗಳು. 0ಗಿಂತ ಕೆಳಗಿದ್ದದ್ದೆಲ್ಲ ಪೂರ್ತಿ ಕಪ್ಪು. 80ಕ್ಕಿಂತ ಮೇಲಿದ್ದದ್ದೆಲ್ಲ ಪೂರ್ತಿ ಬಿಳಿ. ಮಿದುಳು ನೋಡಲು ಇದು ಬಹಳ ಒಳ್ಳೆಯ ಕಿಟಕಿ. ಆದರೆ ಇದರಲ್ಲಿ 75ರ ರಕ್ತ ಬಹುತೇಕ ಬಿಳಿ, 200ರ ಕ್ಯಾಲ್ಸಿಯಂ ಬಿಳಿ, 1000ದ ಮೂಳೆಯೂ ಬಿಳಿ. ಮೂರಕ್ಕೂ ಒಂದೇ ಬಣ್ಣ!

ಡಾಕ್ಟರ ಕಂಪ್ಯೂಟರಿನಲ್ಲಿ ಇದು ತೊಂದರೆಯೇ ಅಲ್ಲ. ಚುಕ್ಕೆಯ ಮೇಲೆ ಒಂದು ಸಣ್ಣ ವೃತ್ತ ಎಳೆದರೆ ಸಂಖ್ಯೆ ಬರುತ್ತದೆ, ಕಿಟಕಿಯನ್ನು ಬೇಕಾದಂತೆ ಅಗಲ ಮಾಡಬಹುದು. ಸಿಟಿಯ ಮೂಲ ಕಡತದಲ್ಲಿ ಸುಮಾರು 4096 ಹಂತಗಳಿರುತ್ತವೆ. ಫೋನಿನ ಸಾಮಾನ್ಯ ಫೋಟೋದಲ್ಲಿ ಒಂದು ಬಣ್ಣಕ್ಕೆ ಇರುವುದು 256 ಹಂತ. ಅದೂ ಒಂದು ಕಿಟಕಿಯಲ್ಲಿ ಅಚ್ಚಾದ ಚಿತ್ರದ್ದು. ಆಚೆ ಬಿದ್ದ ಸಂಖ್ಯೆಗಳು ಫೋಟೋದಲ್ಲಿ ಎಲ್ಲೂ ಇಲ್ಲ. ಎಷ್ಟು ಹಿಗ್ಗಿಸಿ ನೋಡಿದರೂ, ಬೆಳಕು ಕಡಿಮೆ ಮಾಡಿದರೂ ಅವು ವಾಪಸ್ ಬರುವುದಿಲ್ಲ. ಅದರ ಮೇಲೆ ಫೋನ್ ತನ್ನಷ್ಟಕ್ಕೆ ಬೆಳಕು ಹೆಚ್ಚಿಸುತ್ತದೆ, ಕಾಳನ್ನು ನಯ ಮಾಡುತ್ತದೆ. ಟ್ಯೂಬ್‌ಲೈಟಿಗೆ ಹಿಡಿದ ಫಿಲ್ಮ್‌ನಲ್ಲಿ ಮಧ್ಯದ ಪಟ್ಟಿ ಒಂದೇ ಹೊಳೆಯುತ್ತದೆ, ಅದೇ ಒಂದು ರೋಗದ ಹಾಗೆ ಕಾಣುತ್ತದೆ. ಕಂಪ್ಯೂಟರ್ ಪರದೆಯ ಫೋಟೋದಲ್ಲಿ ಅಲೆಅಲೆಯಾದ ಗೆರೆಗಳು ಬರುತ್ತವೆ. ಫೋನ್ ಸ್ವಲ್ಪ ಓರೆ ಮಾಡಿದಾಗ ಜಾಗ ಬದಲಿಸುವ ಗೆರೆ ದೇಹದ್ದಲ್ಲ.

ಮೂರು ಚುಕ್ಕೆ

ಹಾಗಾದರೆ ಫೋಟೋದಿಂದ ಏನೂ ಹೇಳಲಾಗದೇ? ಬಣ್ಣದಿಂದ ಆಗದಿದ್ದರೆ ಜಾಗ ಮತ್ತು ಆಕಾರದಿಂದ ಸಾಕಷ್ಟು ಹೇಳಬಹುದು.

ಮೂರು ಚುಕ್ಕೆಗಳಲ್ಲಿ ಎರಡು ನೀರಿನ ಕೋಣೆಗಳ ಒಳಗಿದ್ದವು. ಒಂದು ಬಲಕ್ಕೆ, ಒಂದು ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ಸರಿಸಮ. ಕೋಣೆ ಹಿಂದಕ್ಕೆ ಹೋಗಿ ಅಗಲವಾಗುವ ಜಾಗ ಅದು. ಮೂರನೆಯದು ಸಣ್ಣದು, ಸರಿಯಾಗಿ ನಡುಗೆರೆಯ ಮೇಲೆ. ಈ ಜೋಡಣೆಯನ್ನು ದಿನಾ ಸಿಟಿ ನೋಡುವವರು ಪರಿಚಯದ ಮುಖದಂತೆ ಗುರುತಿಸುತ್ತಾರೆ. ನೀರಿನ ಕೋಣೆಯಲ್ಲಿ ಆ ದ್ರವವನ್ನು ತಯಾರಿಸುವ ಕೋರಾಯ್ಡ್ ಪ್ಲೆಕ್ಸಸ್ ಎನ್ನುವ ಗೊಂಚಲು ಇರುತ್ತದೆ. ನಡುವೆ ಪೀನಿಯಲ್ ಗ್ರಂಥಿ. ವಯಸ್ಸಾಗುತ್ತ ಈ ಎರಡೂ ಕಡೆ ಕ್ಯಾಲ್ಸಿಯಂ ಸೇರಿಕೊಳ್ಳುವುದು ತೀರಾ ಸಾಮಾನ್ಯ. ಅದರಿಂದ ತೊಂದರೆ ಇಲ್ಲ.

ಆದರೆ "ಸಾಮಾನ್ಯವಾಗಿ ಹೀಗಿರುತ್ತದೆ" ಎಂಬುದು ಸಾಲದು, ಬಿದ್ದ ಪೆಟ್ಟು ಇದೆಯಲ್ಲ. ನೀರಿನ ಕೋಣೆಯೊಳಗೆ ರಕ್ತವೂ ಹೋಗಬಹುದು. ಹೋದರೆ ಹೇಗೆ ಕಾಣುತ್ತದೆ? ರೋಗಿ ಯಂತ್ರದಲ್ಲಿ ಅಂಗಾತ ಮಲಗಿರುತ್ತಾರೆ. ರಕ್ತ ಆ ದ್ರವಕ್ಕಿಂತ ಭಾರ. ಅದು ಕೆಳಕ್ಕೆ, ಅಂದರೆ ಕೋಣೆಯ ಹಿಂದಿನ ಮೂಲೆಗೆ ಇಳಿದು ಕೂರುತ್ತದೆ. ಚಿತ್ರದಲ್ಲಿ ಮೇಲೆ ಕಪ್ಪು ದ್ರವ, ಕೆಳಗೆ ಬಿಳಿ ರಕ್ತ, ನಡುವೆ ನೀರಿನ ಮಟ್ಟದಂತೆ ನೇರವಾದ ಅಡ್ಡ ಗೆರೆ ಕಾಣುತ್ತದೆ. ಇಲ್ಲಿ ಹಾಗಿರಲಿಲ್ಲ. ಚುಕ್ಕೆಗಳು ಉಂಡೆಯಾಗಿ, ಚೂಪು ಅಂಚಿನೊಂದಿಗೆ, ಕೋಣೆಯ ತಳ ಮುಟ್ಟದೆ ನಿಂತಿದ್ದವು. ಹಿಂದಿನ ಮೂಲೆ ಸ್ವಚ್ಛ ಕಪ್ಪು. ರಕ್ತ ಮಿದುಳಿನೊಳಗೇ ಆಗಿದ್ದರೆ ಸುತ್ತ ಊತದ ಕಪ್ಪು ಅಂಚು ಬರಬಹುದು, ದೊಡ್ಡದಿದ್ದರೆ ನಡುಗೆರೆ ಒಂದು ಕಡೆ ತಳ್ಳಿರುತ್ತದೆ. ನಡುಗೆರೆ ನೇರವಾಗಿತ್ತು.

ಆಮೇಲೆ ನನಗೆ ನಿಜವಾಗಿ ಸಹಾಯ ಮಾಡಿದ್ದು ಎರಡನೆಯ ಫಿಲ್ಮ್. ತಲೆಗೆ ಪೆಟ್ಟಾದಾಗ ಮೂಳೆ ಮುರಿದಿದೆಯೇ ಎಂದು ನೋಡಲು ಅದೇ ಹೋಳುಗಳನ್ನು ಮೂಳೆಯ ಕಿಟಕಿಯಲ್ಲೂ ಅಚ್ಚು ಹಾಕಿರುತ್ತಾರೆ. ಅದರ ಮೂಲೆಯಲ್ಲಿ W 2000 L 500 ಎಂದಿತ್ತು. ಈ ಕಿಟಕಿ -500ರಿಂದ 1500ರವರೆಗೆ. ಇಷ್ಟು ಅಗಲದಲ್ಲಿ 35ರ ಮಿದುಳಿಗೂ 75ರ ರಕ್ತಕ್ಕೂ ಬಣ್ಣದ ವ್ಯತ್ಯಾಸವೇ ಇರುವುದಿಲ್ಲ. ರಕ್ತವಾಗಿದ್ದರೆ ಚುಕ್ಕೆ ಮಿದುಳಿನ ಬೂದಿನಲ್ಲಿ ಕರಗಿಹೋಗಬೇಕು. ಗಟ್ಟಿ ಕ್ಯಾಲ್ಸಿಯಂ ಆಗಿದ್ದರೆ ಮಸುಕಾಗಿಯಾದರೂ ಉಳಿಯಬೇಕು. ಮನೆಯವರು ತಮಗೆ 'ಖಾಲಿ' ಎನಿಸಿದ ಆ ಫಿಲ್ಮ್‌ನ ಫೋಟೋ ಕಳಿಸಿದರು. ಮಿದುಳೆಲ್ಲ ಒಂದೇ ಬೂದು. ಅದರ ಮೇಲೆ ಮೂರು ಚುಕ್ಕೆಗಳೂ ಅದೇ ಜಾಗದಲ್ಲಿ, ಸ್ವಲ್ಪ ತಿಳಿಯಾಗಿ, ಇದ್ದವು.

ನಾನು ಬರೆದದ್ದು ಇಷ್ಟು: "ಇದು ಸಿಟಿ. ಚುಕ್ಕೆ ಇರೋ ಜಾಗ, ಆಕಾರ, ಎರಡನೇ ಫಿಲ್ಮ್ ಮೂರೂ ಕ್ಯಾಲ್ಸಿಯಂ ಕಡೆಗೇ ಹೇಳ್ತಿವೆ. ಸಣ್ಣ ರಕ್ತದ ಗೆರೆ, ಮೂಳೆಯ ಕೂದಲೆಳೆ ಬಿರುಕು ಫೋಟೋದಲ್ಲಿ ನನಗೆ ಕಾಣಲ್ಲ. ಅದನ್ನ ರಿಪೋರ್ಟ್ ಮಾತ್ರ ಹೇಳಬಲ್ಲದು. ರಾತ್ರಿ ಒಂದೆರಡು ಸಲ ಎಬ್ಬಿಸಿ ಮಾತಾಡಿಸಿ." ತೆಳುವಾಗಿ ಮೂಳೆಗೆ ಅಂಟಿಕೊಂಡ ರಕ್ತ ಮಿದುಳಿನ ಕಿಟಕಿಯಲ್ಲಿ ಮೂಳೆಯ ಬಿಳಿಯಲ್ಲೇ ಸೇರಿಹೋಗುತ್ತದೆ. ಅದಕ್ಕೇ ಆ ಮಾತು ಬರೆಯದೆ ಬಿಡಲು ನನಗೆ ಮನಸ್ಸಾಗಲಿಲ್ಲ.

ಮರುದಿನ ಮಧ್ಯಾಹ್ನ ರಿಪೋರ್ಟ್ ಬಂತು. ಕೋರಾಯ್ಡ್ ಪ್ಲೆಕ್ಸಸ್ ಮತ್ತು ಪೀನಿಯಲ್‌ನಲ್ಲಿ ಸಹಜ ಕ್ಯಾಲ್ಸಿಯಂ, ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ.

ಕೆಲವು ತಿಂಗಳ ನಂತರ ತಲೆಸುತ್ತು ಎಂದು ಆ ಅಮ್ಮನಿಗೆ ಇನ್ನೊಂದು ಸ್ಕ್ಯಾನ್ ಆಯಿತು. ಮತ್ತೆ ಫೋಟೋ ಬಂತು, ಈ ಸಲ ಮೂಲೆಗಳೂ ಇದ್ದವು, ಹೆಸರಿನ ಮೇಲೆ ಚೀಟಿ ಇತ್ತು. "ಚುಕ್ಕೆ ಎಲ್ಲ ಹೋಗಿದೆ ಅಲ್ವಾ? ಆದ್ರೆ ಮಧ್ಯ ಎಲ್ಲ ಬೆಳ್ಳಗಾಗಿದೆ." ಹೊರಗೆ ಬಿಳಿ ಉಂಗುರ, ಅದರೊಳಗೆ ಕಪ್ಪು ಪಟ್ಟಿ, ಮೂಲೆಯಲ್ಲಿ TR ಮತ್ತು TE. ಎಂಆರ್‌ಐ, ಟಿ2. ಬೆಳ್ಳಗಿದ್ದದ್ದು ಮೊದಲು ಕಪ್ಪಾಗಿ ಕಂಡಿದ್ದ ಅದೇ ದ್ರವ. ಕ್ಯಾಲ್ಸಿಯಂ ಎಲ್ಲೂ ಹೋಗಿರಲಿಲ್ಲ. ಇಂಥ ಸಣ್ಣ ಕ್ಯಾಲ್ಸಿಯಂ ಟಿ2ನಲ್ಲಿ ಬೆಳ್ಳಗೆ ಹೊಳೆಯುವುದಿಲ್ಲ, ಹುಡುಕಿದರೆ ಕಪ್ಪು ಕಲೆಯಾಗಿ ಕಾಣಬಹುದು, ಎಷ್ಟೋ ಸಲ ಕಾಣುವುದೂ ಇಲ್ಲ. ಹಳೆಯ ಸಿಟಿ ಫಿಲ್ಮ್ ಪಕ್ಕದಲ್ಲಿಟ್ಟು ಎರಡರಲ್ಲೂ ಮೂಳೆ ಯಾವುದು ಎಂದು ಮೊದಲು ಬೆರಳಿಟ್ಟು ನೋಡಿ ಎಂದು ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಇದರಲ್ಲಿ ಮೂಳೆ ಕಪ್ಪು."